ಮೊದಲ ಸ್ಕ್ಯಾನಿನ ತಾರೀಖನ್ನು ಯಾರೂ ಹೊಡೆದುಹಾಕಬೇಡಿ

2025ರ ಆಗಸ್ಟ್ 20, ಬುಧವಾರ. ಗರ್ಭಿಣಿಯರ ತಪಾಸಣೆಗೆ ಬಂದ ಒಬ್ಬ ಹೆಣ್ಣುಮಗಳು ತಾಯಿ ಕಾರ್ಡನ್ನು ನನ್ನ ಕೈಗಿಟ್ಟಳು. ಅದರಲ್ಲಿ ಹೆರಿಗೆಯ ತಾರೀಖು ಒಂದಲ್ಲ, ಮೂರು. ಮೊದಲು ಸೆಪ್ಟೆಂಬರ್ 13, ಅದರ ಕೆಳಗೆ ಸೆಪ್ಟೆಂಬರ್ 28. ಯಾರೋ ಆ ಎರಡರ ಮೇಲೂ ಗೀಟು ಎಳೆದು ಪಕ್ಕದಲ್ಲಿ ಅಕ್ಟೋಬರ್ 12 ಎಂದು ಬರೆದಿದ್ದರು. ಜೊತೆಗೆ ಬಂದಿದ್ದ ಅತ್ತೆ, "ಸಿಸ್ಟರ್, ಒಂಬತ್ತು ತಿಂಗಳು ತುಂಬ್ತಾ ಬಂತು ಅಂತ ನಾವು ಬಾಣಂತನಕ್ಕೆ ಎಲ್ಲಾ ರೆಡಿ ಮಾಡ್ಕೊಂಡಿದೀವಿ. ಈಗ ನೋಡಿದ್ರೆ ಇನ್ನೂ ಎರಡು ತಿಂಗಳು ಅಂತಾರೆ. ಯಾವುದನ್ನ ನಂಬೋದು?" ಎಂದರು.

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್ ನಾನು. ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ನನ್ನ ಮುಂದೆ ಬರುತ್ತದೆ. ಅವತ್ತಿನ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಸೆಪ್ಟೆಂಬರ್ 13 ಬಂದಿದ್ದು ಕೊನೆಯ ಮುಟ್ಟಿನಿಂದ. ಮುಟ್ಟಿನ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು: "ಸುಬ್ರಹ್ಮಣ್ಯ ಷಷ್ಠಿ ದಿನಾನೇ ಆಗಿದ್ದು, ಅದಕ್ಕೇ ದೇವಸ್ಥಾನಕ್ಕೆ ಹೋಗ್ಲಿಲ್ಲ." ಅಂದರೆ 2024ರ ಡಿಸೆಂಬರ್ 7. ಅಲ್ಲಿಂದ 280 ದಿನಕ್ಕೆ ಸೆಪ್ಟೆಂಬರ್ 13. ನೆನಪಿನಲ್ಲಿ ತಪ್ಪಿಲ್ಲ, ಕೂಡಿದ್ದರಲ್ಲೂ ತಪ್ಪಿಲ್ಲ. ಆದರೆ ಆ 280 ದಿನದ ಲೆಕ್ಕ 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ, ಹದಿನಾಲ್ಕನೇ ದಿನದ ಸುಮಾರಿಗೆ ಅಂಡ ಬಿಡುಗಡೆಯಾಗುವವರಿಗೆ ಸರಿ. ಇವಳಿಗೆ ಒಂದೂವರೆ ತಿಂಗಳಿಗೊಮ್ಮೆ ಮುಟ್ಟು. ಅಂಡ ತಡವಾಗಿ ಬಿಡುಗಡೆಯಾಗಿದೆ, ಗರ್ಭವೂ ತಡವಾಗಿ ನಿಂತಿದೆ. ಇದನ್ನು ಯಾರೂ ಅವಳನ್ನು ಕೇಳಿರಲಿಲ್ಲ.

ಎರಡನೇ ತಾರೀಖು ಬಂದಿದ್ದು ಮೊದಲ ಸ್ಕ್ಯಾನಿನಿಂದ. ಸ್ಕ್ಯಾನ್ ಆದದ್ದು 2025ರ ಮಾರ್ಚ್ 14. ರಿಪೋರ್ಟಿನಲ್ಲಿ ಸಿಆರ್‌ಎಲ್ 50 ಮಿಲಿಮೀಟರ್, ವಯಸ್ಸು 11 ವಾರ 5 ದಿನ ಎಂದಿತ್ತು. ಸಿಆರ್‌ಎಲ್ ಎಂದರೆ ಮಗುವಿನ ನೆತ್ತಿಯಿಂದ ಕುಂಡೆಯವರೆಗಿನ ಉದ್ದ. ಮೊದಲ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುತ್ತವೆ. ಅಪ್ಪ ಎತ್ತರವೋ ಅಮ್ಮ ಕುಳ್ಳಗೋ ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಆ ಉದ್ದ ನೋಡಿ ವಯಸ್ಸು ಹೇಳಿದರೆ ತಪ್ಪಿದರೂ ಐದರಿಂದ ಏಳು ದಿನದೊಳಗೆ ತಪ್ಪುತ್ತದೆ.

ಮುಟ್ಟಿನ ಲೆಕ್ಕದಲ್ಲಿ ಮಾರ್ಚ್ 14ಕ್ಕೆ 13 ವಾರ 6 ದಿನ ಆಗಬೇಕಿತ್ತು. ಎರಡಕ್ಕೂ 15 ದಿನದ ಅಂತರ. 9 ವಾರದಿಂದ 13 ವಾರ 6 ದಿನದೊಳಗೆ ಈ ಅಂತರ 7 ದಿನ ಮೀರಿದರೆ ಸ್ಕ್ಯಾನಿನ ತಾರೀಖನ್ನೇ ಹಿಡಿಯಬೇಕು ಎಂಬುದು ವೈದ್ಯರು ಪಾಲಿಸುವ ನಿಯಮ. ಅಲ್ಲಿಗೆ ಇವಳ ಹೆರಿಗೆಯ ತಾರೀಖು ತೀರ್ಮಾನವಾಯಿತು, ಸೆಪ್ಟೆಂಬರ್ 28. ಸ್ಕ್ಯಾನ್ ದಿನ 11 ವಾರ 5 ದಿನ ಎಂದರೆ 82 ದಿನ. 280ರಲ್ಲಿ 82 ಕಳೆದರೆ 198. ಮಾರ್ಚ್ 14ರಿಂದ 198 ದಿನ ಮುಂದಕ್ಕೆ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ ಬಂದು ನಿಲ್ಲುತ್ತದೆ.

ಇನ್ನು, ಆಗಸ್ಟ್ 20ಕ್ಕೆ ಎಷ್ಟು ವಾರ? ಸ್ಕ್ಯಾನ್ ಆದ ದಿನವನ್ನು ಸೊನ್ನೆ ಎಂದಿಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಉಳಿದದ್ದು 17 ದಿನ, ಏಪ್ರಿಲ್ 30, ಮೇ 31, ಜೂನ್ 30, ಜುಲೈ 31, ಆಗಸ್ಟ್‌ನಲ್ಲಿ 20. ಒಟ್ಟು 159. ಏಳರಿಂದ ಭಾಗಿಸಿದರೆ 22 ವಾರ, ಉಳಿಕೆ 5 ದಿನ. ಇದಕ್ಕೆ ಸ್ಕ್ಯಾನಿನ 11 ವಾರ 5 ದಿನ ಸೇರಿಸಿದರೆ 33 ವಾರ 10 ದಿನ. ಹತ್ತು ದಿನದಲ್ಲಿ ಒಂದು ವಾರ ಇದೆ, ಅದನ್ನು ಎತ್ತಿ ಆ ಕಡೆ ಹಾಕಿ. 34 ವಾರ 3 ದಿನ. ತಾಳೆ ನೋಡಬೇಕೆಂದರೆ ಹೆರಿಗೆಯ ತಾರೀಖಿನಿಂದ ಹಿಂದಕ್ಕೆ ಬನ್ನಿ: ಸೆಪ್ಟೆಂಬರ್ 28ಕ್ಕೆ ಇನ್ನೂ 39 ದಿನ, ಅಂದರೆ 5 ವಾರ 4 ದಿನ. 40 ವಾರದಲ್ಲಿ ಅದನ್ನು ಕಳೆದರೂ 34 ವಾರ 3 ದಿನವೇ.

ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಮಾಡುವವರು ಎಡವುವುದು ಇಲ್ಲೇ. 159ನ್ನು ಏಳರಿಂದ ಭಾಗಿಸಿದರೆ 22.71 ಎಂದು ತೋರಿಸುತ್ತದೆ. ಆ .71 ಏಳು ದಿನವಲ್ಲ, ವಾರದ ನೂರರಲ್ಲಿ 71 ಪಾಲು, ಅಂದರೆ ಐದು ದಿನ. ಹಾಗೆಯೇ ರಿಪೋರ್ಟಿನಲ್ಲಿ 11.5 ವಾರ ಎಂದಿದ್ದರೆ ಅದು ಹನ್ನೊಂದೂವರೆ ವಾರ, 11 ವಾರ 5 ದಿನವಲ್ಲ. ಇನ್ನೊಂದು, ಸ್ಕ್ಯಾನ್ ಆದ ದಿನವನ್ನೇ ಹಿಡಿಯಬೇಕು, ರಿಪೋರ್ಟ್ ಕೈಗೆ ಸಿಕ್ಕ ದಿನವನ್ನಲ್ಲ.

ನನ್ನ ಸಿಟ್ಟು ಇರುವುದು ಮೂರನೇ ತಾರೀಖಿನ ಮೇಲೆ. ಆಗಸ್ಟ್ 20ರಂದೇ ಬೆಳಿಗ್ಗೆ ಹೊರಗಡೆ ಬೆಳವಣಿಗೆಯ ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದಳು. ಮಗುವಿನ ತಲೆ, ಹೊಟ್ಟೆ, ತೊಡೆ ಮೂಳೆಯ ಅಳತೆ ಹಾಕಿದಾಗ ಯಂತ್ರ 32 ವಾರ 3 ದಿನ ಎಂದು ತೋರಿಸಿದೆ, ತಾನೇ ಅಕ್ಟೋಬರ್ 12 ಎಂದು ಅಚ್ಚು ಹಾಕಿದೆ. ಯಂತ್ರಕ್ಕೆ ಮಾರ್ಚ್‌ನ ಸ್ಕ್ಯಾನ್ ಗೊತ್ತಿಲ್ಲ. ಇಷ್ಟು ಗಾತ್ರದ ಮಗು ಸಾಮಾನ್ಯವಾಗಿ ಎಷ್ಟು ವಾರದ್ದು ಎಂದಷ್ಟೇ ಅದು ಹೇಳುತ್ತದೆ. 28 ವಾರ ದಾಟಿದ ಮೇಲೆ ಒಂದೊಂದು ಮಗು ಒಂದೊಂದು ಗಾತ್ರ. ಆ ಹೊತ್ತಿನ ಅಳತೆಯಿಂದ ವಯಸ್ಸು ಹೇಳಹೊರಟರೆ ಮೂರು ವಾರದವರೆಗೂ ಹೆಚ್ಚುಕಡಿಮೆಯಾಗಬಹುದು. ಮಾರ್ಚ್ 14ಕ್ಕೆ 11 ವಾರ 5 ದಿನದ ಮಗು, 159 ದಿನ ಕಳೆದ ಮೇಲೆ 32 ವಾರದ್ದಾಗುವುದು ಹೇಗೆ? ಎರಡು ವಾರ ಎಲ್ಲಿಗೆ ಹೋಯಿತು?

ವಯಸ್ಸು ಕಡಿಮೆಯಾಗಿರಲಿಲ್ಲ, ಮಗು ಸಣ್ಣಗಿತ್ತು. ಅಂದಾಜು ತೂಕ 1.85 ಕಿಲೋ. 32 ವಾರದ ಮಗು ಎಂದುಕೊಂಡರೆ ಈ ತೂಕದಲ್ಲಿ ಚಿಂತೆಯಿಲ್ಲ. 34 ವಾರ 3 ದಿನದ ಗೆರೆಯಲ್ಲಿಟ್ಟು ನೋಡಿದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಕೊನೆಯ ಹತ್ತರೊಳಗೆ ಬೀಳುತ್ತದೆ. ತಾರೀಖನ್ನು ಮುಂದಕ್ಕೆ ತಳ್ಳಿದ ಕ್ಷಣವೇ ಆ ಸಣ್ಣ ಮಗು ಕಾರ್ಡಿನಲ್ಲಿ ಸರಿಯಾದ ಮಗುವಾಗಿಬಿಟ್ಟಿತ್ತು!

ನಾನು ಕಾರ್ಡ್ ಹಿಡಿದು ಡಾಕ್ಟರ್ ಹತ್ತಿರ ಹೋದೆ. ಅವರು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ, ಅವತ್ತೇ ಡಾಪ್ಲರ್‌ಗೆ ಬರೆದರು, ಹೊಕ್ಕುಳಬಳ್ಳಿಯ ರಕ್ತದ ಹರಿವು ನೋಡಲು. ಹರಿವು ಸರಿಯಿತ್ತು. ಆಮೇಲೆ ವಾರವಾರ ಕರೆಸಿಕೊಂಡರು. ಸೆಪ್ಟೆಂಬರ್ 15ಕ್ಕೆ, 38 ವಾರ 1 ದಿನಕ್ಕೆ, ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು, 2.3 ಕಿಲೋ, ಹುಟ್ಟಿದ ತಕ್ಷಣ ಅತ್ತಿತು.

ಮುಟ್ಟಿನ ತಾರೀಖನ್ನೇ ಹಿಡಿದಿದ್ದರೂ ತೊಂದರೆಯೇ. ಆಗಸ್ಟ್ 20ಕ್ಕೇ 36 ವಾರ 4 ದಿನ ಎಂದಾಗುತ್ತಿತ್ತು. ಅವತ್ತು ನೋವು ಶುರುವಾಗಿದ್ದರೆ ಸುಮಾರಾಗಿ ತುಂಬಿದ ಬಸುರಿ ಎಂದುಕೊಂಡು, ಎಳೆಯ ಮಗುವಿಗೆ ಬೇಕಾದ ತಯಾರಿಯಿಲ್ಲದೆ ಹೆರಿಗೆಗೆ ನಿಲ್ಲುತ್ತಿದ್ದೆವು.

ಆದ್ದರಿಂದ ನಾನು ಈಗ ತಾಯಿ ಕಾರ್ಡಿನ ಮೊದಲ ಪುಟದ ಮೇಲೆ ದೊಡ್ಡದಾಗಿ ಬರೆಯುತ್ತೇನೆ: "14-3-2025ರ ಸ್ಕ್ಯಾನಿನಲ್ಲಿ 11 ವಾರ 5 ದಿನ. ಹೆರಿಗೆ ತಾರೀಖು 28-9-2025." ಅದರ ಸುತ್ತ ಒಂದು ಚೌಕ. ಮೊದಲ ಸ್ಕ್ಯಾನಿನ ರಿಪೋರ್ಟನ್ನು ಮನೆಯಲ್ಲಿ ಬಿಟ್ಟು ಬರಬೇಡಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಐದನೇ ತಿಂಗಳ ಸ್ಕ್ಯಾನಿಗೂ ಏಳರ ಸ್ಕ್ಯಾನಿಗೂ ಅದನ್ನು ಒಯ್ದು ತೋರಿಸಿ. ಆಗ ಅವರು ಹೊಸ ತಾರೀಖು ಕೊಡುವ ಬದಲು ಇರುವ ವಯಸ್ಸಿಗೆ ಮಗುವಿನ ಬೆಳವಣಿಗೆ ಹೊಂದುತ್ತದೆಯೇ ಎಂದು ನೋಡುತ್ತಾರೆ.

ಮೊದಲ ಸ್ಕ್ಯಾನೇ ಏಳೆಂಟನೇ ತಿಂಗಳಲ್ಲಿ ಆದವರೂ ಬರುತ್ತಾರೆ, ಮುಟ್ಟಿನ ದಿನವೂ ಅವರಿಗೆ ನೆನಪಿರುವುದಿಲ್ಲ. ಅವರ ಕಾರ್ಡಿನಲ್ಲಿ ತಾರೀಖಿನ ಮುಂದೆ "ಮೂರು ವಾರ ಆಚೀಚೆ" ಎಂದು ಬರೆದು, ಮೂರು ವಾರ ಬಿಟ್ಟು ಇನ್ನೊಂದು ಸ್ಕ್ಯಾನಿಗೆ ಕಳಿಸುತ್ತೇವೆ. ಅಷ್ಟರಲ್ಲಿ ಮಗು ಮೂರು ವಾರದಷ್ಟು ಬೆಳೆದಿದೆಯೇ ಎಂಬುದೊಂದೇ ಆಗ ನಮ್ಮ ಕೈಲಿರುವ ಆಧಾರ.