ಈ ಸಲ ಯಾರ ತಪ್ಪೂ ಇಲ್ಲ, ಮಳೆಯದ್ದೇ

"ಮೊದಲೇ ಹೇಳಿಬಿಡ್ತೀನಿ, ಇವತ್ತು ಯಾರನ್ನೂ ಬೈಯೋಕೆ ಕರೆದಿಲ್ಲ." ಕ್ವಾರ್ಟರ್ ಕೈಕೊಟ್ಟ ಮೇಲೆ ಹೋಟೆಲ್ ಹಾಲ್‌ನಲ್ಲಿ ಸೇಲ್ಸ್ ಹೆಡ್ ಮೈಕ್ ಹಿಡಿದರೆ ಮೊದಲು ಬರುವ ಮಾತು ಇದೇ. ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಬೈಗುಳವೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ ಜೂನ್ 30ರ ರಾತ್ರಿಯೇ ಮುಗಿದಿರುತ್ತದೆ, ಅದು ಬೇರೆ ವಿಷಯ.

2025ರ ಜುಲೈನಲ್ಲಿ ಜ್ಯೂಸು, ಕೂಲ್‌ಡ್ರಿಂಕ್ಸು ಮಾರುವವರಿಗಂತೂ ನೆಪ ಹೇಳೋದು ಇನ್ನೂ ಸಲೀಸು. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು. ಮಳೆ ಎದುರು ಮಾತಾಡಲ್ಲ, ರಾಜೀನಾಮೆ ಬಿಸಾಕಲ್ಲ. ಇಂಥ ಒಳ್ಳೆಯ ಆರೋಪಿ ಎಲ್ಲಿ ಸಿಗಬೇಕು ಹೇಳಿ?

ಆದರೆ ಮಳೆಗಿಂತ ಮೊದಲು ಮಾರ್ಚ್ ಬಂದಿತ್ತಲ್ವಾ? ದಾವಣಗೆರೆಯಲ್ಲಿ ಒಬ್ಬ ಡಿಸ್ಟ್ರಿಬ್ಯೂಟರ್ ಇದ್ದಾರೆ ಅಂದುಕೊಳ್ಳಿ. ಅವರಿಂದ ಅಂಗಡಿಗಳಿಗೆ ತಿಂಗಳಿಗೆ 1,000 ಕೇಸ್ ಹೋಗುತ್ತದೆ. ವರ್ಷದ ಕೊನೆ, ಟಾರ್ಗೆಟ್ ಮುಟ್ಟಲೇಬೇಕು. ಮೇಲಿನಿಂದ ಹೊಸ ಸ್ಕೀಮು, ಕೆಳಗಿನಿಂದ "ಅಣ್ಣಾ, ಇದೊಂದ್ಸಲ ಹೆಲ್ಪ್ ಮಾಡಿ". ಹೀಗೆ ಮಾರ್ಚ್‌ನಲ್ಲಿ 1,800 ಕೇಸ್ ಬಿಲ್ ಆಯಿತು. ಡಿಸ್ಟ್ರಿಬ್ಯೂಟರ್‌ಗೆ ಬಿಲ್ ಹಾಕಿದರೆ ಕಂಪನಿ ಪಾಲಿಗೆ ಅದೇ ಮಾರಾಟ, ಅದೇ ಪ್ರೈಮರಿ. ಅಂಗಡಿಗೆ ಹೋಗಿದ್ದೆಷ್ಟು ಅನ್ನುವ ಸೆಕೆಂಡರಿ ಲೆಕ್ಕ ಆ ವಾರ ಯಾರಿಗೂ ಬೇಡ. ಮಿಕ್ಕ 800 ಕೇಸ್ ಗೋಡೌನಿನಲ್ಲಿ ಸೂರು ಮುಟ್ಟಿತು.

ಏಪ್ರಿಲ್‌ನಲ್ಲಿ ಸುಡುಬಿಸಿಲು. ಅಂಗಡಿಗೆ 1,000 ಕೇಸ್ ಹೋಯಿತು. ಆದರೆ ಕಂಪನಿಯಿಂದ ಅವರಿಗೆ ಬೇಕಾಗಿದ್ದು ಬರೀ 200. ಟಾರ್ಗೆಟ್ ಎಷ್ಟು ಗೊತ್ತಾ? 1,200. ಕ್ವಾರ್ಟರಿನ ಮೊದಲ ತಿಂಗಳೇ ಒಂದು ಹನಿ ಬೀಳದೆ ಮುಳುಗಿತು. ಮಳೆ ಬಂದಿದ್ದು ಆಮೇಲೆ, ಸಾಕ್ಷಿ ಹೇಳೋದಕ್ಕೆ.

ಭಾಷಣದಲ್ಲಿ ಈ 800 ಕೇಸಿನ ಸುದ್ದಿಯೇ ಇಲ್ಲ. ಯಾಕೆಂದರೆ ಅದನ್ನು ತುಂಬಿಸಿ ಅಂದವರು ಒಬ್ಬ ವ್ಯಕ್ತಿ, ಮತ್ತು ವ್ಯಕ್ತಿಗಳನ್ನು ದೂರುವುದಿಲ್ಲ ಅಂತ ಮೊದಲೇ ಮಾತು ಕೊಟ್ಟಾಗಿದೆ! "ಮಾರ್ಚ್‌ನಲ್ಲಿ ಜಾಸ್ತಿ ತುಂಬಿಸಿದೆವು, ಈ ಕ್ವಾರ್ಟರ್ ಮತ್ತೆ ಗೋಡೌನ್ ತುಂಬಿಸೋದು ಬೇಡ, ಅಂಗಡಿಗೆ ಹೋದದ್ದಕ್ಕೇ ಇನ್ಸೆಂಟಿವ್" ಅಂದರೆ ಯಾರ ಹೆಸರೂ ಬರುತ್ತಿರಲಿಲ್ಲ, ಹುಡುಗರಿಗೆ ಜೀವವೂ ಬರುತ್ತಿತ್ತು. ಆದರೆ ಅಷ್ಟು ಹೇಳಿದರೆ ಹುರುಪು ತುಂಬೋಕೆ ಸ್ಲೈಡಿನಲ್ಲಿ ಹಾಕಿರುವ ಹುಲಿ ಚಿತ್ರಕ್ಕೆ ಏನು ಕೆಲಸ?

ಕೊನೆಗೆ ಹೊಸ ಟಾರ್ಗೆಟ್ ಬಂತು. ಅದರೊಳಗೆ ಹಳೇ ಬಾಕಿಯೂ ಸೇರಿತ್ತು. ಮಳೆಗೆ ಮಾತ್ರ ಯಾವ ಟಾರ್ಗೆಟ್ಟೂ ಇಲ್ಲ. ದಾವಣಗೆರೆ ಹುಡುಗ ಕೈ ಎತ್ತಿದ.

"ಸಾರ್, ಡೇಟ್ ಮುಗಿದ ಸ್ಟಾಕ್ ವಾಪಸ್ ತಗೋತೀವಾ? ಸ್ಕೀಮಿನ ಕ್ಲೇಮ್ ದುಡ್ಡೂ ಬಂದಿಲ್ಲ ಅಂತ ಡಿಸ್ಟ್ರಿಬ್ಯೂಟರ್ ಅಂತಿದ್ದಾರೆ."

"ಒಳ್ಳೇ ಪ್ರಶ್ನೆ. ಊಟ ಆದ್ಮೇಲೆ ಮಾತಾಡೋಣ. ಅಂದ ಹಾಗೆ, ಅವರ ಪಕ್ಕದ ಗೋಡೌನು ಬಾಡಿಗೆಗಿದೆಯಂತೆ, ವಿಚಾರಿಸಪ್ಪ."