ದಾರ ಕಟ್ಟಿದ ಸ್ಟೇಪ್ಲರ್

"ಭಾವ, ಒಂದ್ಸಲ ಕಣ್ಣಾಡಿಸಿ, ತಪ್ಪಿದ್ರೆ ತಿದ್ದಿ" ಅಂತ ಭಾವಮೈದುನ ಒಂದು ಬೀಳ್ಕೊಡುಗೆ ಬರಹ ಕಳಿಸಿದ್ದ. ತಪ್ಪೇ ಇರಲಿಲ್ಲ, ಅದೇ ತೊಂದರೆ. ಅವನ ಆಫೀಸಿನ ಸ್ಟೋರ್ ಕೀಪರ್ ನಿವೃತ್ತರಾಗುತ್ತಿದ್ದರು. ಬರಹ "ಇಂದಿನ ವೇಗದ ಜಗತ್ತಿನಲ್ಲಿ" ಅಂತ ಶುರುವಾಗಿ, "ಅವರು ಕೇವಲ ಸಹೋದ್ಯೋಗಿಯಲ್ಲ, ಒಂದು ಸ್ಫೂರ್ತಿ" ಅಂತ ಏರಿ, ನಿಷ್ಠೆ, ಸಮರ್ಪಣೆ, ಸರಳತೆ ಎಂಬ ಮೂರು ಮೆಟ್ಟಿಲು ಇಳಿದು, "ನಿಮ್ಮ ಬದುಕಿನಲ್ಲೂ ಇಂಥವರಿದ್ದಾರೆಯೇ?" ಎಂದು ನನ್ನನ್ನೇ ಕೇಳುತ್ತಿತ್ತು. ಯಂತ್ರಕ್ಕೆ ಬರೆಯಲು ಕೊಟ್ಟಿದ್ದನಂತೆ.

ಹೆಸರಿನ ಮೇಲೆ ಬೆರಳಿಟ್ಟು ಮತ್ತೆ ಓದಿದೆ. ನನ್ನ ಹಲ್ಲಿನ ಡಾಕ್ಟರಿಗೂ ಹೊಂದಿತು. ಸೋದರಮಾವನಿಗೂ ಹೊಂದಿತು, ಅವರೋ ಜನ್ಮದಲ್ಲಿ ಸರಳರಾಗಿದ್ದವರಲ್ಲ.

ಮೊದಲು ಪದ ಬದಲಿಸಿ ನೋಡಿದೆ. ಸಮರ್ಪಣೆಯನ್ನು ಶ್ರದ್ಧೆ ಮಾಡಿದೆ, ಸ್ಫೂರ್ತಿಯನ್ನು ಮಾದರಿ ಮಾಡಿದೆ. ಅರ್ಧ ಗಂಟೆ ದಂಡ. ಅಂಗಿ ಬದಲಾಯಿತು, ಒಳಗಿನ ಗೊಂಬೆ ಅದೇ. ಕೊನೆಗೆ ಅದನ್ನು ಮುಚ್ಚಿಟ್ಟು ಫೋನ್ ಮಾಡಿದೆ. "ಗುಣ ಹೇಳಬೇಡ ಮಾರಾಯ, ಅವರ ಮೇಜಿನ ಮೇಲೆ ಏನಿತ್ತು ಹೇಳು."

"ಸ್ಟೇಪ್ಲರ್" ಅಂದ. "ಅದಕ್ಕೊಂದು ದಾರ. ದಾರದ ಇನ್ನೊಂದು ತುದಿ ಮೇಜಿನ ಕಾಲಿಗೆ."

ಇಲ್ಲಿ ನನ್ನ ಗಮನ ಸಂಪೂರ್ಣ ಹಾಳಾಯಿತು. ಏಕೆಂದರೆ ನನ್ನ ಕೆಲಸದ ದಿನಗಳಲ್ಲಿ ನಾನು ಮೂರು ಸ್ಟೇಪ್ಲರ್ ಕಳಕೊಂಡವನು. ಮೊದಲನೆಯದನ್ನು "ಎರಡೇ ನಿಮಿಷ" ಎಂದು ಒಯ್ದವರು ಇವತ್ತಿಗೂ ತಂದಿಲ್ಲ. ಎರಡನೆಯದರ ಮೇಲೆ ಹೆಸರು ಬರೆದೆ. ಪಕ್ಕದ ವಿಭಾಗದಲ್ಲಿ ಸಿಕ್ಕಿತು, ಹೆಸರಿನ ಮೇಲೆ ಬಿಳಿ ಇಂಕು ಬಳಿದಿತ್ತು. ಮೂರನೆಯದು ತಾನಾಗಿ ವಾಪಸ್ ಬಂತು, ಸ್ಪ್ರಿಂಗ್ ಇಲ್ಲದೆ. ದಾರದ ಉಪಾಯ ನನಗೇಕೆ ಹೊಳೆಯಲಿಲ್ಲ? ಈ ಮನುಷ್ಯನನ್ನು "ಸರಳ" ಎಂದು ಬರೆದ ಯಂತ್ರದ ಮೇಲೆ ನಿಜಕ್ಕೂ ಸಿಟ್ಟು ಬಂತು. ಎಂಥ ದೂರದೃಷ್ಟಿಯ ಸಂಶಯಪಿಶಾಚಿ!

ಫೋನಿನಲ್ಲಿ ಅವನು ಆಡಿದ್ದನ್ನೇ ಆಡಿದ ಹಾಗೆ ಇಳಿಸಿದೆ: "ಅವರ ಸ್ಟೇಪ್ಲರಿನ ದಾರ ಎರಡಡಿ ಇತ್ತು. ಕಾಗದ ಹಿಡಕೊಂಡು ನಾವೇ ಹೋಗಿ ಬಗ್ಗಬೇಕು. ಬಗ್ಗಿದಾಗಲೆಲ್ಲ 'ಪುಟ ಎಣಿಸಿದ್ಯಾ?' ಅಂತಿದ್ದರು. ಎಣಿಸಿರುತ್ತಿರಲಿಲ್ಲ. ಎರಡು ಸಲ ಪುಟ ಕಡಿಮೆ ಇತ್ತು." ನಿಷ್ಠೆ ಎಂಬ ಪದ ಎಲ್ಲೂ ಬೇಕಾಗಲಿಲ್ಲ. ವೇಗದ ಜಗತ್ತನ್ನೂ ಕೊನೆಯ ಪ್ರಶ್ನೆಯನ್ನೂ ಕಿತ್ತು ಬಿಸಾಡಿದೆ.

ದಾರ ಕೆಂಪು ಬಣ್ಣದ್ದು ಅಂತ ಸೇರಿಸುವ ಚಪಲ ಆಯಿತು. ತಡೆದುಕೊಂಡೆ. ಕೇಳಿದರೆ ಅವನಿಗೇ ಬಣ್ಣ ನೆನಪಿರಲಿಲ್ಲ. ನಾನು ಕಟ್ಟಿದ ಬಣ್ಣ ಯಂತ್ರದ ಸ್ಫೂರ್ತಿಗಿಂತ ಮೇಲೇನಲ್ಲ. ಎರಡಡಿ ಮಾತ್ರ ಖಚಿತ. ಒಮ್ಮೆ ಎಳೆಯಲು ಹೋಗಿ ಸ್ಟೇಪ್ಲರನ್ನು ಕಾಲ ಮೇಲೆ ಬೀಳಿಸಿಕೊಂಡಿದ್ದನಂತೆ.

ಸಂಜೆ ಅವನು ಹಾಕಿದ್ದ ಪೋಸ್ಟ್ ನೋಡಿದೆ. ನನ್ನ ಸಾಲುಗಳು ಅಕ್ಷರಶಃ ಹಾಗೇ ಇದ್ದವು. ಕೊನೆಗೆ ಯಾಕೋ ಸಪ್ಪೆ ಅನ್ನಿಸಿತಂತೆ, ಒಂದು ಸಾಲು ಸೇರಿಸಿದ್ದ: "ಅದು ಕೇವಲ ಸ್ಟೇಪ್ಲರ್ ಅಲ್ಲ, ನಮ್ಮನ್ನೆಲ್ಲ ಬೆಸೆದ ಬಾಂಧವ್ಯ."