ಅಜ್ಜಿ ಹಾಡಿದ್ದನ್ನೇ ಅಜ್ಜಿಗೆ ಹಾಡಿದೆವು

ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಅಜ್ಜಿಯ 11ನೇ ದಿನದ ಕಾರ್ಯ ಮುಗಿಯಿತು. ಊಟಕ್ಕೆ ಮುಂಚೆ ಅರ್ಧ ಗಂಟೆ ನುಡಿನಮನ, ಅದರಲ್ಲಿ ನಾಲ್ಕು ಹಾಡು ಅಂತ ಮೊದಲೇ ಮಾತಾಗಿತ್ತು. ಭಜನೆ ಮೇಳಕ್ಕೆ ಪೇಟಿ ನುಡಿಸುತ್ತೇನೆ ಅಂತ ಹಾಡು ಆರಿಸುವ ಕೆಲಸ ನನಗೇ ಬಂತು. ಸುಲಭದ ಕೆಲಸ ಅಂದುಕೊಂಡಿದ್ದೆ. ಎರಡು ರಾತ್ರಿ ಹಿಡಿಯಿತು.

ಎಲ್ಲರೂ ಒಂದೊಂದು ಹಾಡು ಹೇಳಿದರು. ಎಲ್ಲವೂ ಒಳ್ಳೆಯ ಹಾಡುಗಳೇ. ಆದರೆ ಪೇಟಿ ಮುಂದೆ ಕೂತು ಒಂದೊಂದನ್ನೇ ಹಾಡಿ ನೋಡಿದಾಗ ಕೆಲವು ಆ ಪೆಂಡಾಲಿನಲ್ಲಿ ಹೊಂದುವುದಿಲ್ಲ ಅನ್ನಿಸಿತು. ಯಾಕೆ ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ರಾಗ, ತಾಳಕ್ಕಿಂತ ಮೊದಲು ನೋಡಬೇಕಾದದ್ದು ಆ ಹಾಡು ಯಾರ ಜೊತೆ ಮಾತಾಡುತ್ತಿದೆ ಅನ್ನುವುದನ್ನು.

ಕಾಕಾ ಶರೀಫಜ್ಜನ ‘ಬಿದ್ದೀಯಬೇ ಮುದುಕಿ’ ಇರಲಿ ಅಂದರು. ಶಿಶುನಾಳ ನಮ್ಮ ಜಿಲ್ಲೆಯದೇ, ಅಜ್ಜಿಗೂ ಆ ಪದ ಇಷ್ಟ. ಬದುಕಿದ್ದಾಗ ಅದನ್ನು ಹಾಡಿದರೆ ನಗುತ್ತಿದ್ದಳು. ಅದರೊಳಗೆ ದೊಡ್ಡ ತತ್ವ ಇದೆ, ನಿಜ. ಆದರೆ ಫೋಟೋಕ್ಕೆ ಹಾರ ಹಾಕಿ, ಅದರ ಎದುರೇ ಕೂತು ಮುದುಕಿಗೆ ‘ಬಿದ್ದೀಯೆ’ ಅಂತ ಎಚ್ಚರಿಕೆ ಹೇಳುವುದು ಯಾರಿಗೂ ಹಿತವಾಗಲಿಕ್ಕಿಲ್ಲ. ‘ಮಾನವ ಜನ್ಮ ದೊಡ್ಡದು’ ಕೂಡ ಹಾಗೇ. ಅದು ಬದುಕಿರುವವರಿಗೆ ದಾಸರು ಹೇಳುವ ಬುದ್ಧಿಮಾತು. 11 ದಿನ ನಿದ್ದೆಗೆಟ್ಟು ಕೂತ ನನ್ನ ಅವ್ವನಿಗೆ ಆ ಹೊತ್ತಲ್ಲಿ ಬುದ್ಧಿಮಾತು ಬೇಕಿರಲಿಲ್ಲ.

ಬೇಂದ್ರೆಯವರ ‘ನೀ ಹಿಂಗ ನೋಡಬ್ಯಾಡ ನನ್ನ’ ಹಾಡುತ್ತೇನೆ ಅಂತ ತಮ್ಮ ಹೇಳಿದ. ಅದನ್ನು ಪ್ರೀತಿಯ ಹಾಡು ಅಂತ ಹಾಡುವವರು ಜಾಸ್ತಿ. ಅದು ಮಗು ತೀರಿಹೋದಾಗ ಗಂಡ ಹೆಂಡತಿಗೆ ಹೇಳುವ ಮಾತು. ನಮ್ಮ ಚಿಗವ್ವ ಒಂದು ಮಗುವನ್ನು ಕಳೆದುಕೊಂಡವಳು. ಅವಳು ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ತುಂಬು ಬಾಳು ಬಾಳಿ ಹೋದ ಅಜ್ಜಿಯನ್ನು ನೆನೆಯಲು ಬಂದವಳಿಗೆ ಬೇರೊಂದು ಗಾಯ ಯಾಕೆ ಕೆದಕಬೇಕು? ತಮ್ಮನಿಗೆ ಹೇಳಿದೆ, ಅವನಿಗೆ ತಕ್ಷಣ ಅರ್ಥವಾಯಿತು.

ಉಳಿದದ್ದು ಎರಡು. ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೆ’. ಅದು ಮಾತಾಡುವುದು ತಲ್ಲಣಿಸಿದ ಮನಸ್ಸಿನ ಜೊತೆ. ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು ಅಂತ ಕೇಳುತ್ತದೆ, ಅಷ್ಟೇ. ಅಳಬೇಡಿ ಅನ್ನುವುದಿಲ್ಲ. ಇನ್ನೊಂದು ಪುರಂದರದಾಸರ ‘ಅಲ್ಲಿದೆ ನಮ್ಮ ಮನೆ, ಇಲ್ಲಿ ಬಂದೆ ಸುಮ್ಮನೆ’. ಅದನ್ನು ಕೇಳುವಾಗ ಅಜ್ಜಿಯೇ ಹೊಸ್ತಿಲ ಮೇಲೆ ನಿಂತು ಹೋಗಿಬರುತ್ತೇನೆ ಅಂದ ಹಾಗಿರುತ್ತದೆ. ಇವೆರಡೂ ಇರಲಿ ಅಂತ ಬರೆದುಕೊಂಡೆ.

ಇನ್ನೆರಡು ಹಾಡಿಗೆ ದಾರಿ ತೋರಿಸಿದವಳು ಚಿಗವ್ವ. ‘ಆಕಿ ನಮಗ ಹಾಡಿದ್ದನ್ನ ಯಾರೂ ಹಾಡೂದಿಲ್ಲೇನು?’ ಅಂದಳು.

ಅಜ್ಜಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದಳು, ತೊಟ್ಟಿಲ ಮುಂದೆಯೂ ಹಾಡುತ್ತಿದ್ದಳು. ಪದ ಹೆಚ್ಚುಕಡಿಮೆ ಅವೇ. ಅವಳು ಹೇಳುತ್ತಿದ್ದ ರೀತಿಯಲ್ಲೇ ಒಂದು ಬರೆಯುತ್ತೇನೆ:

ಕೂಸು ಇದ್ದ ಮನೆಗೆ ಬೀಸಣಿಗೆ ಯಾತಕ್ಕ
ಕೂಸು ಕಂದಯ್ಯ ಒಳಹೊರಗ ಆಡಿದರ
ಬೀಸಣಿಗೆ ಗಾಳಿ ಸುಳಿದಾವ

ಬರೆದರೆ ಮೂರು ಸಾಲು. ಹಾಡುವಾಗ ಎರಡನೇ ಸಾಲಿನ ಕೊನೆಯ ತುಂಡನ್ನು, ಅಂದರೆ ‘ಒಳಹೊರಗ ಆಡಿದರ’ ಅನ್ನುವುದನ್ನು, ಇನ್ನೊಮ್ಮೆ ಹೇಳಿಕೊಂಡು ಮೂರನೆಯದಕ್ಕೆ ಇಳಿಯುತ್ತಾರೆ. ಕಿವಿಗೆ ನಾಲ್ಕು ಸಾಲು ಕೇಳುತ್ತದೆ. ಹಳೆಯ ತ್ರಿಪದಿಯನ್ನು ನಮ್ಮ ಹೆಣ್ಣುಮಕ್ಕಳು ಹಾಡುವ ಕ್ರಮ ಇದು. ಎದುರುಬದುರು ಕೂತು ಇಬ್ಬರು ಕಲ್ಲು ತಿರುಗಿಸುವಾಗ ಒಬ್ಬಳು ಸಾಲು ಎತ್ತುತ್ತಾಳೆ, ಇನ್ನೊಬ್ಬಳು ಅದನ್ನೇ ಹಿಡಿದುಕೊಳ್ಳುತ್ತಾಳೆ. ಅಷ್ಟರಲ್ಲಿ ಮೊದಲಿನವಳಿಗೆ ಉಸಿರು ಸಿಗುತ್ತದೆ.

ದುಃಖದ ಮನೆಯಲ್ಲಿ ಈ ಕ್ರಮದ ಬೆಲೆ ನನಗೆ ಚೆನ್ನಾಗಿ ತಿಳಿಯಿತು. ಒಬ್ಬರೇ ಹಾಡಿದರೆ ಗಂಟಲು ಕಟ್ಟಿದ ಕ್ಷಣ ಹಾಡು ನಿಲ್ಲುತ್ತದೆ. ಪಾಪ, ಹಾಡುವವರು ಎಲ್ಲರೆದುರು ಒಬ್ಬರೇ ಆಗಿಬಿಡುತ್ತಾರೆ. ಎರಡು ಗುಂಪು ಇದ್ದರೆ ಅಳು ಬಂದವರು ಅಳಬಹುದು. ಹಾಡನ್ನು ಆಚೆಯವರು ನಡೆಸುತ್ತಾರೆ. ಚಿಗವ್ವ ಮತ್ತು ಅವಳ ಜೊತೆ ಇಬ್ಬರು ಎಡಗಡೆ, ಅವ್ವ ಮತ್ತು ಅತ್ತಿಗೆಯಂದಿರು ಬಲಗಡೆ ಕೂತರು. ನಾಲ್ಕು ತ್ರಿಪದಿ ಸಾಕು ಅಂತ ಮಾಡಿದೆವು. ದೊಡ್ಡ ಅಕ್ಷರದಲ್ಲಿ ಬರೆದು ಎರಡೂ ಕಡೆಗೆ ಒಂದೊಂದು ಹಾಳೆ ಕೊಟ್ಟೆ. ಬಾಯಿಪಾಠ ಇದ್ದ ಪದವೂ ಆ ಹೊತ್ತಿಗೆ ಮರೆಯುತ್ತದೆ.

ಶ್ರುತಿಯ ಬಗ್ಗೆ ಇಷ್ಟು ಹೇಳಲೇಬೇಕು. ಚಿಗವ್ವ ಭಜನೆಯಲ್ಲಿ ಪೇಟಿಯ ಕರಿ ಐದರಲ್ಲಿ, ಅಂದರೆ ಐದನೇ ಕರಿ ಮನೆಯ ಶ್ರುತಿಯಲ್ಲಿ, ಆರಾಮಾಗಿ ಹಾಡುತ್ತಾಳೆ. ಹಿಂದಿನ ದಿನ ಅದರಲ್ಲೇ ಹಾಡಿ ನೋಡಿದಾಗ ಮೇಲಿನ ಸ್ವರಕ್ಕೆ ಹೋದಲ್ಲೆಲ್ಲ ದನಿ ಒಡೆಯಿತು. ಅಳು ಬಂದಾಗ ಗಂಟಲು ಬಿಗಿಯುತ್ತದೆ, ಮೊದಲು ಕೈಕೊಡುವುದು ಮೇಲಿನ ಸ್ವರವೇ. ಬಿಳಿ ಐದಕ್ಕೆ ಇಳಿಸಿದೆ. ಹಾಡು ಸ್ವಲ್ಪ ಮಂಕಾಯಿತು ಅನ್ನಿಸಿದರೂ ದನಿ ನಿಂತಿತು. ಹಾಡು ಬರದವರೂ ಗುನುಗಿಕೊಂಡು ಸೇರಿಕೊಂಡರು. ತಬಲಾ ಬೇಡ ಅಂದೆ. ತೊಟ್ಟಿಲು ತೂಗುವ ಓಟ ಸಾಕು, ತಬಲಾ ಬಂದರೆ ಎಲ್ಲರಿಗೂ ಗೊತ್ತಾಗದ ಹಾಗೆ ವೇಗ ಏರುತ್ತದೆ.

ರೆಕಾರ್ಡಿನ ಹಾಡು ಹಾಕೋಣ ಅಂದವರೂ ಇದ್ದರು. ಒಂದು ಸಲ ಬೇರೊಂದು ಮನೆಯಲ್ಲಿ ಹಾಗೆ ಮಾಡಿ ನೋಡಿದ್ದೇನೆ. ಮೊಬೈಲನ್ನು ಸ್ಪೀಕರಿಗೆ ಜೋಡಿಸಿದ್ದೆವು. ವಚನದ ನಡುವೆ ಜಾಹೀರಾತು ಕೂಗಿತು. ಆ ಮನೆಯ ಯಜಮಾನರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ರೆಕಾರ್ಡ್ ಹಾಕಲೇಬೇಕು ಅಂದರೆ ಮೊದಲೇ ಫೋನಿಗೆ ಇಳಿಸಿಕೊಂಡು, ನೆಟ್ ಆಫ್ ಮಾಡಿ, ಜನ ಬರುವಾಗ ಸಣ್ಣ ದನಿಯಲ್ಲಿ ಹಾಕಿ. ನೆನೆಯುವ ಹೊತ್ತಿಗೆ ಮನೆಯವರ ದನಿಯೇ ಇರಲಿ ಅನ್ನುವುದು ನನ್ನ ಆಸೆ. ಅಪಶ್ರುತಿಯಾದರೂ ಅದು ಅಜ್ಜಿಗೆ ಗೊತ್ತಿದ್ದ ದನಿ.

ಹಾಡುಗಳ ಸರದಿ ಹೀಗೆ ಇಟ್ಟೆವು. ಮೊದಲು ‘ತಲ್ಲಣಿಸದಿರು’. ಆಮೇಲೆ ಬೀಸುವ ಪದ, ‘ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ’. ಅದಾದ ಮೇಲೆ ಇಬ್ಬರ ಮಾತು. ಮತ್ತೆ ‘ಅಲ್ಲಿದೆ ನಮ್ಮ ಮನೆ’. ಜೋಗುಳ ಕೊನೆಗೆ. ಅದರ ನಂತರ ಯಾರೂ ಭಾಷಣ ಮಾಡಬಾರದು ಅಂತ ಕಾಕಾನಿಗೆ ಮೊದಲೇ ಕೈಮುಗಿದು ಹೇಳಿದ್ದೆ.

‘ಆಡಿ ಬಾ ನನ್ನ ಕಂದ ಅಂಗಾಲ ತೊಳೆದೇನ’ ಅಂತ ಚಿಗವ್ವ ಎತ್ತಿದಳು. ಮಗುವಿಗೆ ಹೇಳುವ ಮಾತು ಅದು, ಆಡಿ ಮುಗಿಸಿ ಬಾ, ಕಾಲು ತೊಳೆಯುತ್ತೇನೆ ಅಂತ. ನಮ್ಮ ಕಾಲು ತೊಳೆದವಳಿಗೆ ನಾವೇ ಅದನ್ನು ಹೇಳುತ್ತಿದ್ದೆವು. ಎರಡನೇ ಪದಕ್ಕೆ ಚಿಗವ್ವನ ದನಿ ಹೋಯಿತು. ಅವ್ವ ಬಲಗಡೆಯಿಂದ ಹಿಡಿದುಕೊಂಡಳು. ಮೂರನೆಯದಕ್ಕೆ ಹಿಂದಿನ ಸಾಲಿನ ಊರ ಹೆಂಗಸರೂ ಸೇರಿದರು. ಹಾಳೆ ಅವರ ಬಳಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಊಟದ ಪಂಕ್ತಿಯಲ್ಲಿ ಕೂತಾಗ ಚಿಗವ್ವನಿಗೆ ತಟ್ಟನೆ ಇನ್ನೊಂದು ಪದ ನೆನಪಾಯಿತು. ನಮ್ಮಲ್ಲಿ ಯಾರೂ ಕೇಳದ ಪದ, ಅಜ್ಜಿ ಅವಳಿಗೊಬ್ಬಳಿಗೇ ಹಾಡಿದ್ದಂತೆ. ಬಲಗೈ ಎಲೆಯ ಮೇಲಿತ್ತು. ಎಡಗೈಯಲ್ಲಿ ಫೋನ್ ಹಿಡಿದು ರೆಕಾರ್ಡ್ ಮಾಡಿಕೊಂಡೆ. ಅದರಲ್ಲಿ ಸಾರು ಬಡಿಸುವವರ ಕೂಗೂ ಬಂದಿದೆ. ಹಾಗೇ ಇಟ್ಟುಕೊಂಡಿದ್ದೇನೆ.